ಪ್ಯಾಕೆಟ್ಟಿನ ನಿದ್ದೆ

ಓಡುವ ಬಸ್ಸಿನಲ್ಲಿ ನಿದ್ದೆ ಮಾಡುವುದು ಎಲ್ಲರಿಗೂ ಬರುತ್ತದೆ. ನಿಂತ ಬಸ್ಸಿನಲ್ಲಿ ನಿದ್ದೆ ಮಾಡುವುದು ನಮ್ಮಂಥವರಿಗೇ ಆಗಬೇಕು. ನಾನು ಕಂಡಕ್ಟರ್. ನಮ್ಮದು ಹಾಲ್ಟಿಂಗ್ ಬಸ್ಸು. ಮಧ್ಯಾಹ್ನ ಸಾಗರ ಬಿಟ್ಟು, ರಿಪ್ಪನ್‌ಪೇಟೆ, ಹೊಸನಗರ, ಆಮೇಲೆ ನಗರ ಎಂಬ ಪೇಟೆ ಎಲ್ಲ ದಾಟಿ, ಟಾರು ರಸ್ತೆ ಮುಗಿಯುವ ಒಂದು ಸಣ್ಣ ಊರಿಗೆ ಸಂಜೆ ಮುಟ್ಟುತ್ತದೆ. ರಾತ್ರಿ ಅಲ್ಲೇ ನಿಲ್ಲುತ್ತದೆ. ಬೆಳಗ್ಗೆ ಊರಿನವರನ್ನು ಹೇರಿಕೊಂಡು ವಾಪಸ್ಸು ಹೊರಡುತ್ತದೆ. ಬಸ್ಸು ಅಲ್ಲಿದ್ದರೆ ನಾವೂ ಅಲ್ಲಿರಲೇಬೇಕಲ್ಲ. ಊರಿನ ಹೋಟೆಲಿನಲ್ಲಿ ಅನ್ನ ಸಾರು, ಶಾಲೆ ಪಕ್ಕದ ನಲ್ಲಿಯಲ್ಲಿ ಸ್ನಾನ, ಬಸ್ಸಿನೊಳಗೆ ಹಾಸಿಗೆ. ಹಿಂದಿನ ಉದ್ದ ಸೀಟು ನನ್ನದು. ಮುಂದೆ ಎಂಜಿನ್ ಬಾನೆಟ್ಟಿನ ಮೇಲೆ ಹಲಗೆ ಹಾಸಿಕೊಂಡು ಮಲಗುವುದು ಡ್ರೈವರಣ್ಣ. ಎಂಜಿನ್ ಬಿಸಿ ಆರುವವರೆಗೆ ಆ ಜಾಗ ಬೆಚ್ಚಗಿರುತ್ತದೆ. ಹಿರಿತನಕ್ಕೆ ಅಷ್ಟಾದರೂ ಬೇಡವೇ?

ನನಗೆ ಮೊದಲಿನಿಂದಲೂ ನಾಯಿನಿದ್ದೆ. ಒಂದು ಎಲೆ ಬಿದ್ದರೂ ಎಚ್ಚರ. ಡ್ರೈವರಣ್ಣನದು ಹಾಗಲ್ಲ ಎಂದು ನಾನು ತುಂಬ ದಿನ ನಂಬಿದ್ದೆ, ಹೊಟ್ಟೆಕಿಚ್ಚೂ ಪಟ್ಟಿದ್ದೆ. ತಲೆ ದಿಂಬಿಗೆ ತಾಗಬೇಕು, ಅಷ್ಟರಲ್ಲಿ ಗೊರಕೆ. ನಾನಿನ್ನೂ ಸೊಳ್ಳೆಬತ್ತಿ ಹಚ್ಚಿ ಚೀಲಕ್ಕೆ ಬೀಗ ಹಾಕುತ್ತಿರುತ್ತಿದ್ದೆ, ಆ ಮನುಷ್ಯ ಆಗಲೇ ಬೇರೆ ಲೋಕದಲ್ಲಿ.

ಆ ನಿದ್ದೆಯ ಗುಟ್ಟು ಏನೆಂದು ಅವನೇ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದ. ತೊಂಬತ್ತು ಎಂಎಲ್‌ನ ಒಂದು ಪ್ಯಾಕೆಟ್. ಹಣ್ಣಿನ ರಸದ ಡಬ್ಬಿಯ ಹಾಗೆ ರಟ್ಟಿನದು, ಮೂಲೆ ಕತ್ತರಿಸಿ ಲೋಟಕ್ಕೆ ಸುರಿದು ನೀರು ಬೆರೆಸಿದರೆ ಆಯಿತು. ಇಷ್ಟು ಕೇಳಿದ ಕೂಡಲೇ ಜನ ಕುಡುಕ ಡ್ರೈವರ್ ಎಂದು ಮೂಗು ಮುರಿಯುತ್ತಾರೆ. ಅಂಥವರ ಮೇಲೆ ನನಗೆ ಸಿಟ್ಟು ಬರುತ್ತದೆ. ಅವನಷ್ಟು ಶಿಸ್ತಿನ ಮನುಷ್ಯನನ್ನು ನಾನು ಈ ಲೈನಿನಲ್ಲಿ ಕಂಡಿಲ್ಲ. ಹಗಲಲ್ಲಿ ಮುಟ್ಟುವವನಲ್ಲ. ಮದುವೆ ಮನೆಯಲ್ಲಿ ಕೊಟ್ಟರೂ, ಮಾರನೆ ದಿನ ಡ್ಯೂಟಿ ಇದೆ ಎಂದು ಲೋಟ ಕವುಚಿ ಇಡುವವನು. ಹಾಲ್ಟಿಂಗ್ ಊರಿನಲ್ಲಿ ಊಟಕ್ಕೆ ಮುಂಚೆ, ಎಂಟು ಗಂಟೆಯೊಳಗೆ, ಒಂದೇ ಒಂದು. ಅವನ ಲೆಕ್ಕಾಚಾರ ಸರಳ.

"ರಾತ್ರಿ ಎಂಟಕ್ಕೆ ಮುಗ್ಸಿದ್ರೆ ಬೆಳಿಗ್ಗೆ ಹೊತ್ತಿಗೆ ಮೈಯಲ್ಲಿ ಒಂದು ತೊಟ್ಟೂ ಇರಲ್ಲ ಮಾರಾಯ. ಯಾವ ಪೊಲೀಸು ಬಂದು ಊದ್ಸಿದ್ರೂ ನಂಗೆ ಹೆದ್ರಿಕೆ ಇಲ್ಲ. ಇದು ಮೋಜಿಗಲ್ಲ. ನಿದ್ದೆಗೆ. ನಿದ್ದೆ ಆದ್ರೆ ತಾನೇ ಸ್ಟೇರಿಂಗ್ ಹಿಡಿಯೋದು?"

ಊದಿಸಿದರೂ ಏನೂ ಬರುತ್ತಿರಲಿಲ್ಲ, ಅದು ನಿಜ. ಮಾಲೀಕರು ಒಂದು ಸಲ ಎಲ್ಲ ಡ್ರೈವರುಗಳನ್ನೂ ಸಾಲಾಗಿ ನಿಲ್ಲಿಸಿ ಬೆಳಗ್ಗೆ ಊದಿಸಿದಾಗ ಅವನದು ಸೊನ್ನೆ ಬಂತು. ಅವತ್ತು ಅವನು ಎದೆಯುಬ್ಬಿಸಿಕೊಂಡು ನಡೆದದ್ದನ್ನು ನೋಡಬೇಕಿತ್ತು.

ನಿದ್ದೆಯ ಉಳಿದರ್ಧ ಎಂಥದ್ದು ಎಂದು ಗೊತ್ತಿದ್ದವನು ನಾನೊಬ್ಬನೇ. ನಡುರಾತ್ರಿ ದಾಟಿದ ಮೇಲೆ ಬಸ್ಸಿನ ಮುಂದಿನ ಭಾಗದಲ್ಲಿ ಬೇರೆಯೇ ಒಂದು ಡ್ಯೂಟಿ ಶುರುವಾಗುತ್ತಿತ್ತು. ಮೊದಲು ಗೊರಕೆ ಏರುಪೇರಾಗುವುದು. ಒಮ್ಮೊಮ್ಮೆ ಉಸಿರೇ ನಿಂತ ಹಾಗಾಗಿ, ಆಮೇಲೆ ಗೊರ್ ಎಂದು ದೊಡ್ಡದಾಗಿ ಎಳೆದುಕೊಳ್ಳುವುದು. ಆಮೇಲೆ ಹಲಗೆ ಕಿರ್ ಎನ್ನುವುದು. ಕಂಬಳಿ ಕಿತ್ತು ಎಸೆಯುವ ಸದ್ದು. ಬಾಗಿಲು ಎಳೆದು ಇಳಿದು ಹೋಗಿ ಒಂದಕ್ಕೆ ಕೂತು ಬರುವುದು. ಬಂದು ಮಲಗಿ, ಮತ್ತೆ ಏಳುವುದು. ಬಾಟಲಿಯಿಂದ ಗಟಗಟ ನೀರು ಕುಡಿಯುವುದು, ಸ್ವಲ್ಪ ಹೊತ್ತಿಗೆ ಮತ್ತೆ ಬಾಗಿಲು. ಚಳಿಗಾಲದಲ್ಲೂ ಬನಿಯನ್ನು ಬೆವರಿಗೆ ಒದ್ದೆ. ನಿದ್ದೆ ಹತ್ತಿತು ಎನ್ನುವಷ್ಟರಲ್ಲಿ ಏನಾದರೂ ಒಂದು ಕೆಟ್ಟ ಕನಸು, ಒಂದು ಕೂಗು. ಹೀಗೆ ಒಡೆದು ಒಡೆದು ಬೆಳಗಿನವರೆಗೆ.

ನಾನು ಹಿಂದಿನ ಸೀಟಿನಲ್ಲಿ ಕಣ್ಣು ಬಿಟ್ಟುಕೊಂಡು ಮನಸ್ಸಿನಲ್ಲೇ ಬೈಯುತ್ತಿದ್ದೆ. ಆ ಬಾಗಿಲಿನ ಕಿರಿಕಿರಿ ನನ್ನ ತಲೆಯೊಳಗೇ ಇದೆಯೇನೋ ಎನ್ನಿಸುವಷ್ಟು ಸಿಟ್ಟು. ಒಂದು ರಾತ್ರಿ ತಡೆಯಲಾರದೆ ಕೂಗಿದೆ.

"ಎಂತದು ಅಣ್ಣ ಇದು? ಮಲಗೋದಾದ್ರೆ ಮಲಗು, ಏಳೋದಾದ್ರೆ ಏಳು!"

"ಸೊಳ್ಳೆ ಮಾರಾಯ," ಎಂದ ಅವನು ಕತ್ತಲಲ್ಲಿ.

ಮುಂದಿನ ವಾರ ಸೊಳ್ಳೆಪರದೆ ಬಂತು. ಸೊಳ್ಳೆ ಹೋಯಿತು, ಎಚ್ಚರ ಹೋಗಲಿಲ್ಲ. ಆಮೇಲೆ ಅದು ಹಲಗೆಯ ತಪ್ಪಾಯಿತು, ಮೇಲೆ ಒಂದು ಸ್ಪಂಜು ಬಂತು. ಆಮೇಲೆ ಊರಿನ ನಾಯಿಗಳ ತಪ್ಪು. ಆಮೇಲೆ ಹೋಟೆಲಿನ ಸಾರಿನ ಖಾರದ ತಪ್ಪು. ಸಕ್ಕರೆ ಕಾಯಿಲೆ ಇರಬಹುದೆಂದು ಹೊಸನಗರದಲ್ಲಿ ರಕ್ತ ತೋರಿಸಿದ, ಸಕ್ಕರೆ ಇರಲಿಲ್ಲ. ಕೊನೆಗೆ ವಯಸ್ಸಿನ ತಪ್ಪು ಎಂದು ಒಪ್ಪಿಕೊಂಡ, ಐವತ್ತಾಗಿತ್ತಲ್ಲ. ಇಡೀ ಊರಿನ ಮೇಲೆ ಅನುಮಾನ ಪಟ್ಟ, ಪ್ಯಾಕೆಟ್ಟಿನ ಮೇಲೆ ಮಾತ್ರ ಪಡಲಿಲ್ಲ. ಅದೊಂದೇ ತಾನೇ ಅವನ ಜೊತೆ ನಿಯತ್ತಾಗಿ ಇದ್ದದ್ದು, ಕುಡಿದ ಕೂಡಲೇ ನಿದ್ದೆ ಕೊಡುತ್ತಿದ್ದದ್ದು!

ನಾನೂ ಪಟ್ಟಿರಲಿಲ್ಲ, ಹೇಳಿಬಿಡುತ್ತೇನೆ. ಯಾರು ತಾನೇ ಪಡುತ್ತಾರೆ? ಎಂಟಕ್ಕೆ ಕುಡಿದದ್ದು ಎಂಟೂವರೆಗೆ ನಿದ್ದೆ ತಂದರೆ ಕಣ್ಣಿಗೆ ಕಾಣುತ್ತದೆ. ಎಂಟಕ್ಕೆ ಕುಡಿದದ್ದು ನಡುರಾತ್ರಿಯ ಮೇಲೆ ಎಬ್ಬಿಸುತ್ತದೆ ಎಂದರೆ ನಂಬುವುದು ಹೇಗೆ? ಆ ಹೊತ್ತಿಗೆ ಅದರ ವಾಸನೆಯೂ ಇರುವುದಿಲ್ಲ.

ಒಂದು ಸಲ ಪರೀಕ್ಷೆಯೂ ನಡೆದಿತ್ತು. ನಗರದ ಅಂಗಡಿ ಬಾಗಿಲು ಹಾಕಿದ್ದ ದಿನ ಪ್ಯಾಕೆಟ್ ಸಿಗಲಿಲ್ಲ. ಅವತ್ತು ಅಣ್ಣ ಹನ್ನೆರಡಾದರೂ ಹೊರಳಾಡುತ್ತಲೇ ಇದ್ದ. ಬೆಳಗ್ಗೆ ಕೆಂಪು ಕಣ್ಣು ಮಾಡಿಕೊಂಡು ನನ್ನ ಮುಂದೆ ಬಂದು ನಿಂತು, "ನೋಡ್ದ್ಯಾ? ಅದಿಲ್ಲದಿದ್ರೆ ನಂಗೆ ನಿದ್ದೆ ಇಲ್ಲ. ಪ್ರೂಫ್ ಆಯ್ತು," ಎಂದ. ಆ ಒಂದು ರಾತ್ರಿ ಅವನಿಗೆ ಸಾಕಾಯಿತು. ಒಂದು ಪ್ಯಾಕೆಟ್ ಇದ್ದದ್ದು ಎರಡಾಯಿತು. ಒಂದಕ್ಕೆ ಈಗ ಮೊದಲಿನ ಹಾಗೆ ನಿದ್ದೆ ಬೇಗ ಹತ್ತುತ್ತಿಲ್ಲ ಎಂದು ಅವನ ದೂರು. ಎರಡಾದ ಮೇಲೆ ಎಚ್ಚರವಾಗುವುದು ಸ್ವಲ್ಪ ತಡವಾಯಿತು ಅಷ್ಟೆ, ತಪ್ಪಲಿಲ್ಲ. ತಡವಾದಷ್ಟೂ ಕೆಡುಕು, ಏಕೆಂದರೆ ಬೆಳಗಿನ ಜಾವಕ್ಕೆ ಹತ್ತುತ್ತಿದ್ದ ಅಷ್ಟಿಷ್ಟು ನಿದ್ದೆಯೂ ಹಾಳಾಗುತ್ತಿತ್ತು.

ಅದು ಮಂಜಿನ ತಿಂಗಳು. ಒಂದು ಬೆಳಗ್ಗೆ ನಗರ ಬಿಟ್ಟು ಹೊಸನಗರದ ಕಡೆ ಬರುತ್ತಿದ್ದೆವು. ಬಸ್ಸಿನಲ್ಲಿ ಆಸ್ಪತ್ರೆಗೆ, ಕೋರ್ಟಿಗೆ ಹೊರಟವರು. ನಾನು ನಡುವೆ ನಿಂತು ಟಿಕೆಟ್ ಹರಿಯುತ್ತಿದ್ದೆ. ಮುಂದೆ ಒಂದು ಮೋರಿ, ಮೋರಿ ದಾಟಿದ ಕೂಡಲೇ ಸ್ಟಾಪು. ಅಲ್ಲಿ ದಿನಾ ಏಳೆಂಟು ಶಾಲೆ ಮಕ್ಕಳು ನಿಂತಿರುತ್ತಾರೆ. ಟಾರಿನ ಸದ್ದು ಬದಲಾಯಿತು. ವರ್ಷಗಟ್ಟಲೆ ಬಸ್ಸಿನಲ್ಲಿ ನಿಂತವರಿಗೆ ರಸ್ತೆ ಅಂಗಾಲಿನಲ್ಲಿ ಗೊತ್ತಾಗುತ್ತದೆ. ಎಡಗಡೆ ಚಕ್ರ ಮಣ್ಣಿಗಿಳಿದಿತ್ತು. ತಲೆಯೆತ್ತಿ ಕನ್ನಡಿ ನೋಡಿದೆ. ಅಣ್ಣನ ಕಣ್ಣು ತೆರೆದೇ ಇತ್ತು, ಆದರೆ ಅದರಲ್ಲಿ ಅವನಿರಲಿಲ್ಲ.

ಕೊರಳಿನ ಸೀಟಿ ಬಾಯಿಗೆ ಸಿಕ್ಕಿತು. ಒಂದೇ ಉದ್ದ ಸೀಟಿ, ಎದೆಯಲ್ಲಿದ್ದ ಗಾಳಿಯೆಲ್ಲ. ಸೀಟಿ ಕೇಳಿದರೆ ಬ್ರೇಕ್ ಒತ್ತುವುದು ಡ್ರೈವರನ ಕಾಲಿಗೆ ಅಭ್ಯಾಸವಾಗಿ ಹೋಗಿರುತ್ತದೆ, ತಲೆ ಎಲ್ಲೇ ಇರಲಿ. ಬಸ್ಸು ಕೊಸರಿಕೊಂಡು ನಿಂತಿತು. ಜನ ಮುಂದಿನ ಸೀಟಿಗೆ ಹೊಡೆಸಿಕೊಂಡರು. ಮಂಜಿನಲ್ಲಿ ಮಕ್ಕಳು ಚರಂಡಿಯೊಳಗೆ ಹಾರಿದ್ದರು. ಒಂದು ಹುಡುಗಿಯ ಬ್ಯಾಗು ಮುಂದಿನ ಚಕ್ರದ ಹತ್ತಿರ ಬಿದ್ದಿತ್ತು. ಚಕ್ರಕ್ಕೂ ಬ್ಯಾಗಿಗೂ ನಡುವೆ ನನ್ನ ಎರಡು ಗೇಣೂ ಇರಲಿಲ್ಲ.

"ನಾಯಿ ಅಡ್ಡ ಬಂತಾ?" ಎಂದು ಹಿಂದಿನಿಂದ ಯಾರೋ ಕೇಳಿದರು. ಅಣ್ಣ ಹ್ಯಾಂಡ್‌ಬ್ರೇಕ್ ಎಳೆದ. ಮಕ್ಕಳು ಎದ್ದು, ಯೂನಿಫಾರ್ಮ್ ಕೊಡವಿಕೊಂಡು, ನಗುತ್ತ ನಗುತ್ತ ಹತ್ತಿದರು. ಆ ನಗು ನನಗೆ ಸಹಿಸಲಾಗಲಿಲ್ಲ. ನಾನು ಮುಂದೆ ಹೋಗಿ ಅವನ ಪಕ್ಕದಲ್ಲೇ ನಿಂತೆ, ಅವನಿಗೆ ಮತ್ತೆ ಜೊಂಪು ಹತ್ತದಿರಲೆಂದು ಹೊಸನಗರದವರೆಗೂ ಬಾಯಿಗೆ ಬಂದದ್ದು ಮಾತಾಡುತ್ತ.

ಹೊಸನಗರದಲ್ಲಿ ಚಹಾ ಕುಡಿಯಲು ಇಳಿದಾಗ ಹೇಳಿದೆ.

"ಅಣ್ಣ, ನೀ ನಿದ್ದೆ ಮಾಡಿದ್ದಿ."

"ಇಲ್ಲ ಮಾರಾಯ, ಮಂಜು."

"ಮಂಜು ಕನ್ನಡಿಯೊಳಗೆ ಇರಲಿಲ್ಲ. ನಾ ನಿನ್ನ ಮುಖ ನೋಡಿದೀನಿ. ಈ ವಾರದ ರಜೆಗೆ ಡಾಕ್ಟ್ರ ಹತ್ರ ಹೋಗ್ಬೇಕು. ನಾನೂ ಬರ್ತೀನಿ. ನೀ ಬರಲ್ಲ ಅಂದ್ರೆ ಇವತ್ತೇ ಮಾಲೀಕರಿಗೆ ಹೇಳ್ತೀನಿ. ರಜೆವರೆಗೂ ಈ ಸೀಟಲ್ಲಿ ಬೇರೆಯವ್ರು ಕೂರ್ಲಿ. ಜ್ವರ ಅಂತ ಹೇಳು, ಎಂತಾದ್ರೂ ಹೇಳು."

ಮಾಲೀಕರಿಗೆ ಹೇಳಿದರೆ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ನಿದ್ದೆಗಣ್ಣಿನ ಡ್ರೈವರನ ಕೈಗೆ ಯಾರೂ ಮತ್ತೆ ಕೀ ಕೊಡುವುದಿಲ್ಲ. ಅವನಿಗೆ ಬೇರೆ ಕೆಲಸ ಬರುವುದಿಲ್ಲ. ಕ್ಲೀನರ್ ಆಗಿ ಹತ್ತಿದವನು, ಮೀಸೆ ಬರುವ ಮುಂಚೆ. ಆದರೆ ಆ ಬ್ಯಾಗು ನನ್ನ ಕಣ್ಣ ಮುಂದೆಯೇ ಇತ್ತು. ನಾನು ಸ್ನೇಹಿತ ಎಂದು ಬಾಯಿ ಮುಚ್ಚಿಕೊಂಡಿದ್ದರೆ ಮುಂದಿನ ಸಲ ಚರಂಡಿಗೆ ಹಾರಲು ಮಕ್ಕಳಿಗೆ ಹೊತ್ತು ಸಿಗದೆ ಹೋಗಬಹುದಿತ್ತು. ಅಣ್ಣ ಚಹಾ ಅರ್ಧಕ್ಕೆ ಬಿಟ್ಟು ಎದ್ದ. "ಆಯ್ತು," ಎಂದ. ಅವತ್ತಿನ ಉಳಿದ ಟ್ರಿಪ್ಪಿಗೂ ರಜೆವರೆಗಿನ ದಿನಗಳಿಗೂ ಬೇರೆ ಡ್ರೈವರನನ್ನು ಕರೆಸಿಕೊಂಡೆವು.

ಅವನ ಮನೆ ತೀರ್ಥಹಳ್ಳಿಯಲ್ಲಿ. ಅಲ್ಲೇ ಒಬ್ಬರು ಲೇಡಿ ಡಾಕ್ಟರ ಹತ್ತಿರ ಹೋದೆವು. ಸಣ್ಣ ಕೋಣೆ, ಹೊರಗೆ ಜನವೋ ಜನ. ಡಾಕ್ಟರಿಗೂ ನನ್ನಂತೆಯೇ ತಾಳ್ಮೆ ಕಡಿಮೆ, ಅದಕ್ಕೇ ನನಗೆ ಇಷ್ಟವಾದರು. ಅಣ್ಣ ಅವರ ಮುಂದೆಯೂ ತನ್ನ ಹೆಮ್ಮೆಯಿಂದಲೇ ಶುರು ಮಾಡಿದ.

"ನಿದ್ದೆ ಬರೋದಕ್ಕೆ ನಂಗೆ ತೊಂದ್ರೆ ಇಲ್ಲ ಮೇಡಂ. ಮಲಗಿದ್ರೆ ಐದ್ ನಿಮಿಷ."

"ಏನು ತಗೊಂಡು?"

ಅಣ್ಣ ನನ್ನ ಮುಖ ನೋಡಿದ. ಆಮೇಲೆ ಎಲ್ಲ ಹೇಳಿದ. ಎಂಟು ಗಂಟೆಯ ನಿಯಮ, ಎರಡು ಪ್ಯಾಕೆಟ್, ಊದಿಸಿದರೆ ಸೊನ್ನೆ.

"ನಡುರಾತ್ರಿ ಮೇಲೆ ಹೇಗಿರತ್ತೆ?"

"ಅದು ವಯಸ್ಸು ಮೇಡಂ."

ನಾನು ತಡೆಯಲಾರದೆ ಬಾಯಿ ಹಾಕಿದೆ. ಗೊರಕೆ ನಿಂತು ನಿಂತು ಬರುವುದು, ಬೆವರು, ನೀರು, ಬಾಗಿಲು, ಕನಸಿನ ಕೂಗು, ಒಂದನ್ನೂ ಬಿಡದೆ. ನನ್ನ ಇಷ್ಟು ದಿನದ ನಿದ್ದೆಗೇಡಿತನವನ್ನೆಲ್ಲ ಅವರ ಮೇಜಿನ ಮೇಲೆ ಸುರಿದೆ. ಡಾಕ್ಟರು ಕೇಳಿಸಿಕೊಂಡು ಪೆನ್ನು ಕೆಳಗಿಟ್ಟರು.

"ಇವ್ರು ಹೇಳಿದ್ದು ಪುಸ್ತಕದಲ್ಲಿ ಬರೆದ ಹಾಗಿದೆ. ನೋಡಿ, ಅದು ನಿದ್ದೆ ಬರಿಸೋದು ನಿಜ, ನೀವು ಸುಳ್ಳು ಹೇಳ್ತಿಲ್ಲ. ಮಿದುಳಿನ ಓಟ ತಗ್ಗಿಸತ್ತೆ. ಮೊದಲ ಮೂರು ನಾಲ್ಕು ಗಂಟೆ ಮರದ ಕೊರಡಿನ ಹಾಗೆ ಮಲಗ್ತೀರ. ಆ ಹೊತ್ತಲ್ಲಿ ಕನಸು ಬೀಳೋ ನಿದ್ದೆ ಇರತ್ತಲ್ಲ, ಅದನ್ನ ಒತ್ತಿ ಹಿಡಿದಿರತ್ತೆ. ಲಿವರ್ ಮಾತ್ರ ಮಲಗಲ್ಲ. ಗಂಟೆಗಿಷ್ಟು ಅಂತ ಅದನ್ನ ಕರಗಿಸ್ತಾನೇ ಇರತ್ತೆ. ಅದು ಕರಗಿ ಮುಗಿಯೋ ಹೊತ್ತಿಗೆ ಮಿದುಳು ಎದುರು ತಿರುಗತ್ತೆ. ಇಷ್ಟು ಹೊತ್ತು ತನ್ನನ್ನ ತಗ್ಗಿಸಿ ಹಿಡಿದಿದ್ರು ಅಂತ ಅದು ಎದುರಿಗೆ ಬಲ ಹಾಕ್ತಾ ಇತ್ತು. ಹಿಡಿದ ಕೈ ತೆಗೆದ ಮೇಲೂ ಆ ಬಲ ಹಾಗೇ ಉಳಿಯತ್ತೆ. ಅದಕ್ಕೆ ಎದೆ ಹೊಡ್ಕೊಳೋದು, ಬೆವರು, ಸಣ್ಣ ಸದ್ದಿಗೂ ಎಚ್ಚರ. ಒತ್ತಿ ಹಿಡಿದಿದ್ದ ಕನಸೆಲ್ಲ ಒಟ್ಟಿಗೆ ನುಗ್ಗತ್ತೆ. ಅದು ಮೂತ್ರನೂ ಜಾಸ್ತಿ ಮಾಡತ್ತೆ, ಗಂಟಲು ಸಡಿಲ ಮಾಡತ್ತೆ. ಉಸಿರು ಕಟ್ಟೋದು ಅದಕ್ಕೇ."

ಅಣ್ಣನ ಬಲಗಾಲು ಕುರ್ಚಿಯ ಕೆಳಗೆ ಏನನ್ನೋ ಒತ್ತುತ್ತಿತ್ತು.

"ಹ್ಯಾಂಡ್‌ಬ್ರೇಕ್ ಹಾಕ್ಕೊಂಡೇ ಆಕ್ಸಿಲರೇಟರ್ ಒತ್ತಿದ ಹಾಗೆ," ಎಂದ ನಿಧಾನವಾಗಿ. "ಬ್ರೇಕ್ ಬಿಟ್ಟ ಕೂಡ್ಲೆ ಗಾಡಿ ಹಾರ್ತದೆ."

"ಅಷ್ಟೇ ಕಣ್ರೀ. ನೀವು ಬೆಳಿಗ್ಗೆ ಕುಡಿದು ಓಡಿಸ್ತಿಲ್ಲ. ಅರ್ಧ ರಾತ್ರಿ ಮಾತ್ರ ನಿದ್ದೆ ಮಾಡಿ ಓಡಿಸ್ತಿದ್ದೀರಿ. ಊದೋ ಮೆಷಿನ್ನು ಅದನ್ನ ಹೇಳಲ್ಲ."

"ಆದ್ರೆ ಮೇಡಂ, ಒಂದಿನ ಬಿಟ್ಟು ನೋಡಿದೀನಿ. ನಿದ್ದೇನೇ ಬರ್ಲಿಲ್ಲ."

"ಒಂದೇ ದಿನ ಬಿಟ್ರೆ ಬರಲ್ಲ. ಮೈಗೆ ಅಭ್ಯಾಸ ಆಗಿದೆ. ಮೊದಲು ಒಂದು ಪ್ಯಾಕೆಟ್ಟಿಗೇ ಕೆಲಸ ಆಗ್ತಿತ್ತು, ಆಮೇಲೆ ಎರಡು ಬೇಕಾಯ್ತು ಅಲ್ವಾ? ಹಾಗೇ ಬಿಡೋವಾಗ ಮೊದಲ ದಿನಗಳು ಕೆಟ್ಟದಾಗೇ ಇರ್ತವೆ. ಅದನ್ನ ನೋಡಿ ತೀರ್ಪು ಕೊಡ್ಬೇಡಿ. ಇಳಿಸ್ತಾ ಬನ್ನಿ. ಕೈ ನಡುಗಿದ್ರೆ, ವಾಂತಿ ಬಂದ್ರೆ ತಕ್ಷಣ ನನ್ನ ಹತ್ರ ಬನ್ನಿ. ಎಚ್ಚರ ಆಯ್ತು ಅಂತ ನಡುರಾತ್ರಿ ಒಂದು ಗುಟುಕು ಹಾಕಿದ್ರೋ, ಆಗ ನಿಜವಾಗ್ಲೂ ಕುಡಿದು ಓಡಿಸಿದ ಹಾಗೆ. ಗೊರಕೆ ಆಮೇಲೂ ಹೋಗದಿದ್ರೆ ಅದನ್ನ ಬೇರೆ ನೋಡೋಣ. ನಿದ್ದೆ ಸರಿ ಹೋಗೋವರೆಗೂ ಸ್ಟೇರಿಂಗ್ ಮುಟ್ಬೇಡಿ."

ಕೊನೆಯ ಮಾತಿಗೆ ಅಣ್ಣ ಕುರ್ಚಿ ಬಿಟ್ಟು ಎದ್ದ. ಹೊರಗೆ ಬಂದವನು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಮೆಟ್ಟಿಲಿಳಿದ. ನಾನು ಅವನ ಚಪ್ಪಲಿ ಎತ್ತಿಕೊಂಡು ಹಿಂದೆ ಓಡಿದೆ. ಬಸ್ ಸ್ಟ್ಯಾಂಡಿನ ಕಟ್ಟೆ ಮೇಲೆ ಕೂತು ಅವನು ಮಾಲೀಕರಿಗೆ ತಾನೇ ಫೋನ್ ಮಾಡಿದ. ನಾನು ಹೇಳಬೇಕಾಗಿ ಬರಲಿಲ್ಲ. ಮೋರಿ, ಮಕ್ಕಳು, ಪ್ಯಾಕೆಟ್, ಯಾವುದನ್ನೂ ಮುಚ್ಚಿಡಲಿಲ್ಲ. ಆ ಕಡೆಯಿಂದ ಬಂದ ಬೈಗುಳ ನನಗೂ ಕೇಳಿಸುತ್ತಿತ್ತು. ಕೊನೆಗೆ, ರಜೆ ಹಾಕು, ಸರಿಯಾದ ಮೇಲೆ ಬಾ, ಇನ್ನೊಂದು ಸಲ ಹೀಗಾದರೆ ಕೀ ಟೇಬಲ್ ಮೇಲಿಟ್ಟು ಮನೆಗೆ ಹೋಗು ಎಂದರು. ಅಷ್ಟಾದರೂ ಅಂದರಲ್ಲ ಎಂದು ನಾನು ದೇವರಿಗೆ ಕೈ ಮುಗಿದೆ.

ರಜೆಯಲ್ಲಿ ಅವನು ದಿನಾ ಸಂಜೆ ಫೋನ್ ಮಾಡುತ್ತಿದ್ದ. ನಾನು ಬದಲಿ ಡ್ರೈವರನ ಜೊತೆ ಅದೇ ಹಾಲ್ಟಿಂಗ್ ಊರಿನಲ್ಲಿ. ನೆಟ್‌ವರ್ಕ್ ಸಿಗುವುದು ಶಾಲೆಯ ಹಿಂದಿನ ದಿಬ್ಬದ ಮೇಲೆ ಮಾತ್ರ, ಅಲ್ಲಿ ಚಳಿಯಲ್ಲಿ ನಿಂತು ಅವನ ಬೈಗುಳ ತಿನ್ನಬೇಕು.

"ನಿನ್ನ ಡಾಕ್ಟ್ರು ಹೇಳಿದ್ದು ಸುಳ್ಳು. ರಾತ್ರಿಯೆಲ್ಲ ಮಾಡಿನ ಹಂಚು ಎಣಿಸ್ದೆ."

"ನನ್ನ ಡಾಕ್ಟ್ರಲ್ಲ, ನಿನ್ನೂರಿನ ಡಾಕ್ಟ್ರು."

"ನಿಂಗೆಂತ, ನೀ ಮಲಗ್ತೀಯ."

"ನಾನೆಲ್ಲಿ ಮಲಗ್ತೀನಿ? ನಿನ್ನ ಬಾಗಿಲು ಸದ್ದು ಕೇಳಿ ಕೇಳಿ ನಂಗೂ ಅಭ್ಯಾಸ ಆಗಿ ಹೋಗಿದೆ."

ಮರುದಿನ ಮತ್ತೆ ಅದೇ. ಮನೆಯಾಕೆಯ ಮೇಲೆ ರೇಗಾಡಿದನಂತೆ. ಅಂಗಳದಲ್ಲಿ ಅತ್ತಿಂದಿತ್ತ ನಡೆದನಂತೆ. ಒಂದು ಸಂಜೆ ಅಂಗಡಿಯವರೆಗೆ ಹೋಗಿ ಬರಿಗೈಯಲ್ಲಿ ವಾಪಸ್ಸು ಬಂದನಂತೆ. ಚೆನ್ನಾಗಿ ಮಾಡಿದೆ ಎಂದು ಹೇಳುವುದಕ್ಕೆ ನನಗೆ ನಾಚಿಕೆ. "ಊಟ ಆಯ್ತಾ?" ಎಂದು ಕೇಳಿದೆ. ಆಮೇಲೆ ಒಂದು ದಿನ ಫೋನ್ ಬರಲಿಲ್ಲ. ನಾನು ದಿಬ್ಬದ ಮೇಲೆ ಕಾದು ಕಾದು ಸಾಕಾಗಿ, ಮತ್ತೆ ಶುರು ಹಚ್ಚಿಕೊಂಡನೋ ಏನೋ ಎಂದುಕೊಳ್ಳುತ್ತ ಹೋಟೆಲಿಗೆ ಬಂದು, ಊಟ ಸೇರದೆ ಎದ್ದೆ. ಮಾರನೆ ದಿನ ಬಂತು. ಮೊದಲ ಸಲ ಅವನ ದನಿಯಲ್ಲಿ ಜಗಳ ಇರಲಿಲ್ಲ.

"ನಿನ್ನೆ ಬೇಗ ಮಲಗ್ಬಿಟ್ಟೆ ಮಾರಾಯ," ಎಂದ, ತಾನೇ ನಂಬದವನ ಹಾಗೆ.

ಡಾಕ್ಟರು ಹೂಂ ಎಂದ ಮೇಲೆ ಅವನು ಡ್ಯೂಟಿಗೆ ಬಂದ. ಮನೆಯಲ್ಲಿ ನಿದ್ದೆ ಬಂದದ್ದು ಸರಿ, ಬಸ್ಸಿನೊಳಗೆ? ಅದೇ ಹಲಗೆ, ಅದೇ ಎಂಟು ಗಂಟೆ, ಅದೇ ಊರು. ಸಂಜೆ ಬಸ್ಸು ನಿಂತ ಮೇಲೆ ಅವನಿಗೆ ಕೈಗೆ ಏನು ಕೆಲಸ ಕೊಡಬೇಕೆಂದೇ ತಿಳಿಯಲಿಲ್ಲ. ಗಾಜು ಒರೆಸಿದ. ಒರೆಸಿದ ಗಾಜನ್ನೇ ಮತ್ತೆ ಒರೆಸಿದ. ಟೈರಿಗೆ ಒದ್ದು ನೋಡಿದ. ಹೋಟೆಲಿನಲ್ಲಿ ಊಟಕ್ಕೆ ಕೂತವನು ಎರಡು ಸಲ ಎದ್ದು ಹೊರಗೆ ಹೋಗಿ ಬಂದ. ನಾನು ನೋಡಿಯೂ ನೋಡದ ಹಾಗೆ ಮಜ್ಜಿಗೆ ಕುಡಿಯುತ್ತಿದ್ದೆ. ಒಳಗೊಳಗೆ ನನಗೆ ಬೆಂಕಿಯ ಮೇಲೆ ಕೂತ ಹಾಗೆ. ಇವತ್ತು ಇವನು ಸೋತರೆ ಎಲ್ಲ ಮುಗಿಯಿತು. ಕೀ ಹೋಗುತ್ತದೆ, ಅಥವಾ ಅದಕ್ಕಿಂತ ಕೆಟ್ಟದ್ದು, ಕೀ ಉಳಿದು ಮೋರಿಯ ಹತ್ತಿರ ಇನ್ನೊಂದು ಬೆಳಗು ಬರುತ್ತದೆ.

ಮಲಗಿದ ಮೇಲೆ ಬಹಳ ಹೊತ್ತು ಹಲಗೆ ಕಿರ್ ಎನ್ನುತ್ತಲೇ ಇತ್ತು.

"ಎಚ್ಚರ ಇದ್ಯೇನೋ?" ಎಂದ.

"ಇಲ್ಲ, ಮಲಗಿದೀನಿ," ಎಂದೆ.

ಅವನು ನಕ್ಕದ್ದು ಕೇಳಿಸಿತು. ಆಮೇಲೆ ಏನೇನೋ ಮಾತಾಡಿದೆವು, ಯಾವ ಗಾಡಿಯ ಗೇರು ಹೇಗೆ, ಯಾವ ತಿರುವಿನಲ್ಲಿ ಹೊಸ ಟಾರು ಹಾಕಿದ್ದಾರೆ ಎಂದೆಲ್ಲ. ಮಾತಿನ ನಡುವೆಯೇ ಅವನ ಉತ್ತರ ನಿಂತಿತು.

ನನಗೂ ನಿದ್ದೆ ಹತ್ತಿರಬೇಕು. ಎಚ್ಚರವಾದಾಗ ನಡುರಾತ್ರಿ ದಾಟಿತ್ತು, ನನ್ನ ಕಿವಿ ತಾನಾಗಿಯೇ ಬಾಗಿಲಿನ ಸದ್ದಿಗೆ ಕಾಯುತ್ತಿತ್ತು. ಸದ್ದಿಲ್ಲ. ಗೊರಕೆಯೂ ಇಲ್ಲ. ನೀರಿನ ಬಾಟಲಿಯೂ ಇಲ್ಲ. ಇಷ್ಟು ದಿನ ಬೈದುಕೊಂಡ ಆ ಸದ್ದು ಕೇಳದೆ ಹೋದದ್ದಕ್ಕೆ ನನಗೆ ಹೆದರಿಕೆಯಾಯಿತು. ಎದ್ದು ಸೀಟುಗಳನ್ನು ಹಿಡಿದುಕೊಂಡು ಕತ್ತಲಲ್ಲಿ ಮುಂದೆ ಹೋದೆ. ಅವನ ಮೂಗಿನ ಹತ್ತಿರ ಕೈ ಹಿಡಿದೆ. ಉಸಿರು ಬೆಚ್ಚಗೆ, ಒಂದೇ ಸಮ ಬರುತ್ತಿತ್ತು. ವಾಪಸ್ಸು ಬಂದು ಮಲಗಿದೆ. ಅಷ್ಟರ ಮೇಲೆ ನನಗೆ ನಿದ್ದೆ ಬರಲೇ ಇಲ್ಲ.

ಬೆಳಕು ಹರಿಯಿತು. ದಿನಾ ಈ ಹೊತ್ತಿಗೆ ಅವನೇ ಎದ್ದು ಎಂಜಿನ್ ಚಾಲೂ ಮಾಡಿ ಬಿಸಿಗೆ ಬಿಟ್ಟಿರುತ್ತಿದ್ದ. ಇವತ್ತು ಕಂಬಳಿ ಅಲುಗಲಿಲ್ಲ. ಹಾಲಿನ ಕ್ಯಾನಿನವನು ಬಂದ. ಆಸ್ಪತ್ರೆಗೆ ಹೊರಟ ಇಬ್ಬರು ಹೆಂಗಸರು ಬಂದರು. ತಾಲ್ಲೂಕು ಕಚೇರಿಗೆ ಹೊರಟ ಒಬ್ಬ ಗಡ್ಡದ ಯಜಮಾನರು ಬಂದು ಬಸ್ಸಿನ ತಗಡಿಗೆ ಛತ್ರಿಯಿಂದ ಬಡಿದರು. ನಾನು ಬಾಗಿಲಲ್ಲಿ ಅಡ್ಡ ನಿಂತೆ.

"ಏನ್ರೀ ಕಂಡಕ್ಟ್ರೇ, ಗಾಡಿ ಹೊರಡಲ್ವಾ ಇವತ್ತು?"

"ಹೊರಡತ್ತೆ. ಸ್ವಲ್ಪ ಹೊತ್ತು."

"ಹೊತ್ತಾಯ್ತಲ್ರೀ! ಡ್ರೈವರ್ ಎಲ್ಲಿ?"

"ಮಲಗಿದಾರೆ."

"ಎಬ್ಸಿ ಮತ್ತೆ!"

"ಎಬ್ಸಲ್ಲ," ಎಂದೆ.

ಯಾಕೆ ಎಂದು ಹೇಳಲು ನನಗೆ ಬರಲಿಲ್ಲ. ಹೇಳುವ ಮನಸ್ಸೂ ಇರಲಿಲ್ಲ. ಟೈಮಿಗೆ ಸರಿಯಾಗಿ ಹೊರಡದಿದ್ದರೆ ಮುಂದಿನ ಬಸ್ಸು ತಪ್ಪುತ್ತದೆ, ಮಾಲೀಕರ ಫೋನ್ ಬರುತ್ತದೆ, ಎಲ್ಲ ನನಗೆ ಗೊತ್ತಿತ್ತು. ಜನ್ಮದಲ್ಲಿ ಒಂದು ದಿನವೂ ಗಾಡಿ ಲೇಟ್ ಮಾಡದ ಕಂಡಕ್ಟರ್ ನಾನು. ಅವತ್ತು ಮಾತ್ರ ಆ ನಿದ್ದೆಯನ್ನು ನನ್ನ ಕೈಯಾರೆ ಒಡೆಯಲಾರೆ ಎನ್ನಿಸಿತು. ಯಜಮಾನರು ದನಿ ಏರಿಸಿದರು. ನಾನೂ ಏರಿಸಿದೆ. ಆ ಗಲಾಟೆಗೇ ಅಣ್ಣನಿಗೆ ಎಚ್ಚರವಾಯಿತು.

ಹಲಗೆಯ ಮೇಲೆ ದಡಬಡಿಸಿ ಎದ್ದು ಕೂತ. ಎದುರಿಗೆ ಬಸ್ಸಿನ ದೊಡ್ಡ ಗಾಜು, ಅದರ ತುಂಬ ಹಗಲು, ಗಾಜಿನಾಚೆ ಕೂಗುತ್ತಿರುವ ಜನ. ಅವನ ಬಲಗಾಲು ಗಾಳಿಯಲ್ಲಿ ಬ್ರೇಕ್ ಹುಡುಕಿತು. ಇಲ್ಲದ ಸ್ಟೇರಿಂಗ್ ಹಿಡಿಯಲು ಎರಡೂ ಕೈ ಮುಂದೆ ಬಂದವು. ಮುಖದಲ್ಲಿ ರಕ್ತವಿರಲಿಲ್ಲ.

"ಯಾರಿಗ್ ತಾಗ್ತೋ? ಮಕ್ಳಿಗೆ ಎಂತಾಯ್ತೋ?" ಎಂದು ಕಿರುಚಿದ.

ಹೊರಗಿನ ಜಗಳ ನಿಂತುಹೋಯಿತು. ನಾನು ಓಡಿ ಹೋಗಿ ಅವನ ಎರಡೂ ಕೈ ಹಿಡಿದುಕೊಂಡೆ.

"ಯಾರಿಗೂ ಎಂತದೂ ಆಗಿಲ್ಲ ಅಣ್ಣ. ನೀ ಓಡಿಸ್ತಾ ಇರ್ಲಿಲ್ಲ. ಗಾಡಿ ನಿಂತಿದೆ. ನೀ ಮಲಗಿದ್ದಿ, ಬೆಳಗಾಗಿದೆ, ಅಷ್ಟೆ."

ಅವನು ನನ್ನನ್ನು ನೋಡಿದ, ನಿಂತ ಬಸ್ಸನ್ನು ನೋಡಿದ, ಹೊರಗಿನ ಹಾಲಿನ ಕ್ಯಾನನ್ನು ನೋಡಿದ. ಅರ್ಥವಾಗಲು ಹೊತ್ತು ಹಿಡಿಯಿತು.

"ಪೂರ್ತಿ ರಾತ್ರಿ?" ಎಂದು ಕೇಳಿದ.

"ಪೂರ್ತಿ ರಾತ್ರಿ," ಎಂದೆ.

ಅಷ್ಟೂ ಜನರೆದುರಿಗೆ ಆ ಮನುಷ್ಯ ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಛತ್ರಿ ಹಿಡಿದ ಯಜಮಾನರು ಬೇರೆ ಕಡೆ ತಿರುಗಿ ನಿಂತರು.